ಶೋಧಕ ಪೂರ್ಣ ವರ್ಗ ಬಂದರೆ ಗ್ಯಾಲ್ವಾ ಗ್ರೂಪ್ A₃ ಅಂತ ಹೇಳಿಬಿಡಬಹುದಾ? x³ − 7x + 6 ಕೊಟ್ಟ ತಲೆನೋವು

ರಘು_ಎಂಎಸ್ಸಿ

ಎಲ್ಲರಿಗೂ ನಮಸ್ಕಾರ. ಗ್ಯಾಲ್ವಾ ಥಿಯರಿ ಓದುತ್ತಿದ್ದೇನೆ. ನಮ್ಮ ತರಗತಿಯ ನೋಟ್ಸಿನಲ್ಲಿ ಒಂದೇ ಸಾಲಿನ ಸೂತ್ರ ಇದೆ: x³ + px + q ಗೆ ಶೋಧಕ D = −4p³ − 27q². D ಪೂರ್ಣ ವರ್ಗವಾದರೆ ಗ್ರೂಪ್ A₃, ಇಲ್ಲದಿದ್ದರೆ S₃.

ಇದನ್ನು ಪರೀಕ್ಷೆ ಮಾಡೋಣ ಅಂತ p = −7 ಇಟ್ಟುಕೊಂಡು q ಮಾತ್ರ ಬದಲಿಸುತ್ತಾ ಹೋದೆ. ಬಂದದ್ದು ಇದು:

x³ − 7x + 5 ಗೆ D = 1372 − 675 = 697. ವರ್ಗ ಅಲ್ಲ.
x³ − 7x + 6 ಗೆ D = 1372 − 972 = 400 = 20².
x³ − 7x + 7 ಗೆ D = 1372 − 1323 = 49 = 7².

ಸೂತ್ರದ ಪ್ರಕಾರ ನಡುವಿನದಕ್ಕೂ ಕೊನೆಯದಕ್ಕೂ A₃ ಬರಬೇಕು. ಆದರೆ ನಡುವಿನದರ ಮೂಲಗಳು 1, 2, −3. ಎಲ್ಲ ಪೂರ್ಣಾಂಕಗಳೇ! ಅಲ್ಲಿ ಯಾವ ಮೂಲವೂ ಜಾಗ ಬಿಟ್ಟು ಕದಲುವ ಹಾಗಿಲ್ಲ, ಗ್ರೂಪಿನಲ್ಲಿ ಇರುವುದು ಒಂದೇ ಸದಸ್ಯ. ಹಾಗಾದರೆ ನೋಟ್ಸ್ ತಪ್ಪಾ? ಇನ್ನೊಂದು ಮಾತು: 49 ಅನ್ನೋ ಒಂದು ಸಂಖ್ಯೆ ನೋಡಿ ಮೂಲಗಳು ಹೇಗೆ ಅದಲುಬದಲಾಗುತ್ತವೆ ಅಂತ ಹೇಗೆ ಗೊತ್ತಾಗುತ್ತದೆ? ಅದು ನನಗೆ ಮನಸ್ಸಿಗೆ ಹತ್ತಿಲ್ಲ.

ನೇರಗೆರೆ

ಇದರಲ್ಲಿ ತಲೆಕೆಡಿಸಿಕೊಳ್ಳುವಂಥದ್ದು ಏನಿಲ್ಲ ರಘು. D ಧನ ಆಗಿದ್ದರೆ ಮೂರೂ ಮೂಲ ವಾಸ್ತವ. D ಋಣ ಆದರೆ ಒಂದು ವಾಸ್ತವ, ಉಳಿದೆರಡು ಸಂಕೀರ್ಣ ಜೋಡಿ. ಜೋಡಿ ಇದ್ದರೆ ಅವೆರಡನ್ನು ಅದಲುಬದಲು ಮಾಡುವ ಕಾಂಜುಗೇಶನ್ ಗ್ರೂಪಿನಲ್ಲಿ ಇದ್ದೇ ಇರುತ್ತದೆ, ಹಾಗಾಗಿ S₃. ಜೋಡಿ ಇಲ್ಲದಿದ್ದರೆ ಅದಲುಬದಲು ಮಾಡೋಕೆ ಯಾರೂ ಇಲ್ಲ, ಹಾಗಾಗಿ A₃. ಗ್ರಾಫ್ ಬರೆದು x ಅಕ್ಷವನ್ನು ಎಷ್ಟು ಸಲ ದಾಟುತ್ತದೆ ನೋಡಿದರೆ ಸಾಕು.

ವಿಮಲಾ_ಬೀಜಗಣಿತ

ನೇರಗೆರೆ ಅವರೇ, ನಿಮ್ಮ ಮಾತಿನ ಮೊದಲ ಅರ್ಧ ಸರಿ, ಎರಡನೇ ಅರ್ಧ ನಿಲ್ಲುವುದಿಲ್ಲ. D ಋಣ ಆದರೆ ಗ್ರೂಪ್ A₃ ಒಳಗೆ ಇರಲಾರದು, ಇದು ಖಂಡಿತ. ಆದರೆ ಮೂರೂ ಮೂಲ ವಾಸ್ತವ ಅಂದ ಮಾತ್ರಕ್ಕೆ ಅದಲುಬದಲು ನಿಲ್ಲುವುದಿಲ್ಲ. ರಘು ಅವರ ಮೊದಲನೇ ಉದಾಹರಣೆಯನ್ನೇ ನೋಡಿ. x³ − 7x + 5 ರ ಮೂಲಗಳು ಸುಮಾರು 0.783, 2.166, −2.949. ಮೂರೂ ವಾಸ್ತವ. ಆದರೂ ಅದರ ಗ್ರೂಪ್ S₃. ಗ್ರಾಫ್ ನೋಡಿದರೆ 5 ಕ್ಕೂ 7 ಕ್ಕೂ ವ್ಯತ್ಯಾಸವೇ ಕಾಣಿಸುವುದಿಲ್ಲ.

ಕಾರಣ ಇಷ್ಟೇ. D ಧನ ಅಂದರೆ ಅದು ವಾಸ್ತವ ಸಂಖ್ಯೆಗಳಲ್ಲಿ ವರ್ಗ ಅಂತ. ನಮಗೆ ಬೇಕಾದದ್ದು ಅದು ಭಾಗಲಬ್ಧ ಸಂಖ್ಯೆಗಳಲ್ಲಿ ವರ್ಗವಾ ಅನ್ನೋದು. 697 ರ ವರ್ಗಮೂಲ ವಾಸ್ತವ ಸಂಖ್ಯೆಗಳಲ್ಲಿ ಸಿಗುತ್ತದೆ, ಭಾಗಲಬ್ಧದಲ್ಲಿ ಸಿಗುವುದಿಲ್ಲ. 697 = 17 × 41.

ಈಗ ರಘು ಪ್ರಶ್ನೆ. ನಿಮ್ಮ ನೋಟ್ಸ್ ಪೂರ್ತಿ ತಪ್ಪಲ್ಲ, ಒಂದು ಷರತ್ತು ಬಿಟ್ಟುಹೋಗಿದೆ. ಶೋಧಕ ಹೇಳುವುದು ಗ್ರೂಪ್ A₃ ಒಳಗೆ ಇದೆಯಾ ಅಂತ. ಗ್ರೂಪ್ A₃ ಗೆ ಸಮವಾ ಅಂತ ಅದು ಹೇಳುವುದಿಲ್ಲ. A₃ ಒಳಗೆ ಎರಡೇ ಉಪಗ್ರೂಪ್: ಇಡೀ A₃, ಇಲ್ಲವೇ ಏನೂ ಕದಲದ ಒಂಟಿ ಗ್ರೂಪ್. x³ − 7x + 6 ಎರಡನೇ ಜಾತಿ. ಅದರ ಗ್ರೂಪ್ ಕೂಡ A₃ ಒಳಗೇ ಇದೆ, 400 ಸುಳ್ಳು ಹೇಳಿಲ್ಲ.

ಈ ಎರಡನ್ನು ಬೇರ್ಪಡಿಸುವುದು ಸುಲಭ. ಬಹುಪದ ಭಾಗಲಬ್ಧ ಸಂಖ್ಯೆಗಳ ಮೇಲೆ ಒಡೆಯುತ್ತದಾ ನೋಡಿ. ಘನ ಬಹುಪದ ಒಡೆಯಬೇಕಾದರೆ ಒಂದಾದರೂ ಭಾಗಲಬ್ಧ ಮೂಲ ಇರಲೇಬೇಕು. x³ − 7x + 7 ಗೆ ಐಸೆನ್‌ಸ್ಟೈನ್ ಪರೀಕ್ಷೆ 7 ರಲ್ಲಿ ನೇರ ಹಿಡಿಸುತ್ತದೆ: 7 ಮೊದಲನೆಯದು ಬಿಟ್ಟು ಉಳಿದ ಗುಣಾಂಕಗಳನ್ನೆಲ್ಲ ಭಾಗಿಸುತ್ತದೆ, 49 ಕೊನೆಯದನ್ನು ಭಾಗಿಸುವುದಿಲ್ಲ. ಹಾಗಾಗಿ ಒಡೆಯುವುದಿಲ್ಲ, ಗ್ರೂಪ್ ಮೂರು ಮೂಲಗಳನ್ನೂ ಒಂದರಿಂದ ಇನ್ನೊಂದಕ್ಕೆ ಒಯ್ಯಲೇಬೇಕು, ಗ್ರೂಪಿನ ಗಾತ್ರವನ್ನು 3 ಭಾಗಿಸಲೇಬೇಕು. A₃ ಒಳಗೆ ಅಂಥದ್ದು A₃ ಒಂದೇ.

ರಘು_ಎಂಎಸ್ಸಿ

"ಒಳಗೆ" ಮತ್ತು "ಸಮ", ಇದು ಈಗ ಸ್ಪಷ್ಟವಾಯಿತು ಮೇಡಂ. ಆದರೆ ನನ್ನ ಎರಡನೇ ಪ್ರಶ್ನೆ ಹಾಗೇ ಉಳಿದಿದೆ. D ಯಾಕೆ ಇದನ್ನು ಹಿಡಿಯುತ್ತದೆ?

ವಿಮಲಾ_ಬೀಜಗಣಿತ

D ಯನ್ನು p, q ಸೂತ್ರವಾಗಿ ನೋಡಿದರೆ ಕಾರಣ ಕಾಣಿಸುವುದಿಲ್ಲ. ಅದರ ವರ್ಗಮೂಲವನ್ನು ನೋಡಬೇಕು. ಮೂಲಗಳು a, b, c ಆದರೆ

δ = (a − b)(b − c)(c − a)

ಅಂತ ಬರೆದುಕೊಳ್ಳಿ. D ಅಂದರೆ δ². ಈಗ a ಮತ್ತು b ಗಳನ್ನು ಅದಲುಬದಲು ಮಾಡಿ. ಮೊದಲ ಆವರಣ (b − a) ಆಗುತ್ತದೆ, ಉಳಿದೆರಡು (a − c) ಮತ್ತು (c − b). ಒಟ್ಟು ಮೂರು ಕಡೆ ಚಿಹ್ನೆ ತಿರುಗಿತು, δ ಹೋಗಿ −δ ಆಯಿತು. ಅದೇ a → b → c → a ಅಂತ ಸುತ್ತಿಸಿ. ಆವರಣಗಳು ಜಾಗ ಬದಲಿಸಿಕೊಳ್ಳುತ್ತವೆ ಅಷ್ಟೇ, ಚಿಹ್ನೆ ಎಲ್ಲೂ ತಿರುಗುವುದಿಲ್ಲ. δ ಹಾಗೇ ಉಳಿಯುತ್ತದೆ.

ಅಂದರೆ ಸಮ ಕ್ರಮಯೋಜನೆಗಳು δ ವನ್ನು ಮುಟ್ಟುವುದಿಲ್ಲ, ಬೆಸ ಕ್ರಮಯೋಜನೆಗಳು ಅದರ ಚಿಹ್ನೆ ತಿರುಗಿಸುತ್ತವೆ. ಇನ್ನು ಗ್ಯಾಲ್ವಾ ಥಿಯರಿಯ ಮೂಲ ಮಾತು: ಗ್ರೂಪಿನ ಯಾವ ಸದಸ್ಯನೂ ಕದಲಿಸದ ಸಂಖ್ಯೆ ಕೆಳಗಿನ ಫೀಲ್ಡಿನಲ್ಲೇ ಇರುತ್ತದೆ. ಗ್ರೂಪ್ A₃ ಒಳಗಿದ್ದರೆ ಯಾರೂ δ ವನ್ನು ಕದಲಿಸುವುದಿಲ್ಲ, ಆದ್ದರಿಂದ δ ಭಾಗಲಬ್ಧ, D ಅದರ ವರ್ಗ. ಗ್ರೂಪಿನಲ್ಲಿ ಒಂದೇ ಒಂದು ಬೆಸ ಸದಸ್ಯ ಇದ್ದರೂ ಅದು δ ವನ್ನು −δ ಮಾಡುತ್ತದೆ, ಆಗ δ ಭಾಗಲಬ್ಧ ಆಗಲು ಸಾಧ್ಯವಿಲ್ಲ.

ನಿಮ್ಮ 6 ರ ಉದಾಹರಣೆಯಲ್ಲಿ ಇದನ್ನು ಕೈಯಲ್ಲೇ ನೋಡಬಹುದು. (1 − 2)(2 + 3)(−3 − 1) = (−1)(5)(−4) = 20. ಅದೇ 400 ರ ವರ್ಗಮೂಲ.

ಹಳೆಯ_ಸೂತ್ರ

ಮೂರೂ ಮೂಲ ವಾಸ್ತವ ಇದ್ದಾಗ ಕಾರ್ಡಾನೋ ಸೂತ್ರ ಹಾಕಿದರೆ ಸಂಕೀರ್ಣ ಸಂಖ್ಯೆಗಳ ಘನಮೂಲ ಬಂದೇ ಬರುತ್ತದೆ. x³ − 7x + 7 ಗೂ ಹಾಗೇ ಆಗುತ್ತದೆ. ಅದಕ್ಕೆ ಕೊಸೈನ್ ಹಾಕಿ ಬಿಡಿಸಬೇಕು. ರಘು ಅವರು ಆ ದಾರಿ ಹಿಡಿದರೆ ಮೂಲಗಳು ಬೇಗ ಸಿಗುತ್ತವೆ: 1.3569, 1.6920, −3.0489. ಬಿಡಿಸುವುದೇ ಕಷ್ಟ ಅಂತಾದರೆ ಪೂರ್ತಿ ಹಂತಗಳನ್ನು ಬರೆದುಕೊಡುತ್ತೇನೆ.

ವಿಮಲಾ_ಬೀಜಗಣಿತ

ಧನ್ಯವಾದ ಸರ್. ಅವರು ಕೇಳಿದ್ದು ಬಿಡಿಸುವ ದಾರಿ ಅಲ್ಲ, ಆದರೆ ನೀವು ಕೊಟ್ಟ ಮೂರು ಸಂಖ್ಯೆಗಳು ಈಗ ಚೆನ್ನಾಗಿ ಕೆಲಸಕ್ಕೆ ಬರುತ್ತವೆ. 49 ಒಳಗೆ ಏನಿದೆ ಅಂತ ಅವುಗಳಿಂದಲೇ ತೋರಿಸಬಹುದು.

ಒಂದು ಮೂಲ a ಕೈಯಲ್ಲಿದೆ ಅಂದುಕೊಳ್ಳಿ. ಉಳಿದ b, c ಗಳನ್ನು a ಯಿಂದಲೇ ಬರೆಯಬಹುದಾ? x² ಪದ ಇಲ್ಲ, ಹಾಗಾಗಿ b + c = −a. ಮೊತ್ತ ಗೊತ್ತಾಯಿತು. ವ್ಯತ್ಯಾಸ b − c ಗೊತ್ತಾದರೆ ಎರಡೂ ಸಿಕ್ಕಿದ ಹಾಗೆ. ಬಹುಪದವನ್ನು f ಅನ್ನಿ. ಅದರ ಡೆರಿವೇಟಿವ್‌ನಲ್ಲಿ a ಹಾಕಿದರೆ f′(a) = (a − b)(a − c). ಇದನ್ನು δ ಜೊತೆ ಹೋಲಿಸಿ, δ = −(b − c) f′(a). ಆದ್ದರಿಂದ

b − c = −δ / f′(a)

ಎಲ್ಲ ಗುಟ್ಟು ಈ ಸಾಲಿನಲ್ಲಿದೆ. f′(a) = 3a² − 7, ಅದು a ಯಿಂದಲೇ ಆದದ್ದು. δ ಭಾಗಲಬ್ಧವಾದರೆ b − c ಕೂಡ a ಯಿಂದಲೇ ಬರುತ್ತದೆ. ಆಗ ಒಂದು ಮೂಲ ಸೇರಿಸಿದರೆ ಉಳಿದೆರಡು ತಾವಾಗಿಯೇ ಬರುತ್ತವೆ, ಫೀಲ್ಡಿನ ಡಿಗ್ರಿ 3. δ ಭಾಗಲಬ್ಧ ಅಲ್ಲದಿದ್ದರೆ √D ಅನ್ನು ಪ್ರತ್ಯೇಕ ಸೇರಿಸಬೇಕು, ಡಿಗ್ರಿ 6.

ಇಲ್ಲಿ δ = ±7. 7/(3a² − 7) ಅನ್ನು ಛೇದ ಇಲ್ಲದೆ ಬರೆಯೋಣ. u + va + wa² ಅಂತ ಇಟ್ಟು (3a² − 7) ರಿಂದ ಗುಣಿಸಿ. a³ ಬಂದಲ್ಲಿ 7a − 7 ಹಾಕಿ, a⁴ ಬಂದಲ್ಲಿ 7a² − 7a ಹಾಕಿ. ಗುಣಾಂಕಗಳನ್ನು ಹೊಂದಿಸಿದರೆ

3u + 14w = 0, 14v − 21w = 0, −7u − 21v = 7

ಇದರಿಂದ w = 6, v = 9, u = −28. ಅಂದರೆ 7/f′(a) = 6a² + 9a − 28. ಇದನ್ನು −a ಜೊತೆ ಕೂಡಿಸಿ ಅರ್ಧ ಮಾಡಿದರೆ ಒಂದು ಮೂಲ, −a ಯಿಂದ ಕಳೆದು ಅರ್ಧ ಮಾಡಿದರೆ ಇನ್ನೊಂದು:

3a² + 4a − 14 ಮತ್ತು −3a² − 5a + 14

ಹಳೆಯ ಸೂತ್ರ ಅವರ a = 1.3569 ಹಾಕಿ ನೋಡಿ. ಮೊದಲನೆಯದು −3.0489, ಎರಡನೆಯದು 1.6920. ಗ್ಯಾಲ್ವಾ ಗ್ರೂಪಿನ ಆ ಒಂದು ಸುತ್ತು ನಿಮ್ಮ ಕಣ್ಣ ಮುಂದೆ ಇದೆ: a → 3a² + 4a − 14.

ರಘು_ಎಂಎಸ್ಸಿ

ಈಗ ನನಗೆ ಹತ್ತಿತು! ನಿಮ್ಮ ಸೂತ್ರವನ್ನೇ ಮತ್ತೆ ಮತ್ತೆ ಹಾಕಿದೆ. 1.3569 ರಿಂದ −3.0489, ಅಲ್ಲಿಂದ 1.6920, ಅಲ್ಲಿಂದ ವಾಪಸ್ 1.3569. ಮೂರು ಹೆಜ್ಜೆಯಲ್ಲಿ ಸುತ್ತು ಮುಗಿಯುತ್ತದೆ. 5 ರ ಉದಾಹರಣೆಯಲ್ಲಿ ಇದೇ ಲೆಕ್ಕ ಮಾಡಿದರೆ 7 ರ ಜಾಗದಲ್ಲಿ √697 ಬಂದು ಕೂರುತ್ತದೆ, ಅದು a ಯಿಂದ ಬರೆಯಲು ಆಗದು, ಅಲ್ವಾ?

ವಿಮಲಾ_ಬೀಜಗಣಿತ

ಹೌದು. a ಸೇರಿಸಿದ ಫೀಲ್ಡಿನ ಡಿಗ್ರಿ 3, √697 ರ ಡಿಗ್ರಿ 2. 3 ರೊಳಗೆ 2 ಹಿಡಿಸುವುದಿಲ್ಲ. ಹಾಗಾಗಿ ಅದು ಹೊರಗೇ ಉಳಿಯುತ್ತದೆ.

ಘನಮೂಲ_2

ನನ್ನದೊಂದು ಕೇಸ್ ಇದೆ, ಇದಕ್ಕೇ ಸಂಬಂಧ ಅಂತ ಕೇಳುತ್ತಿದ್ದೇನೆ. ನನ್ನ ಅಸೈನ್‌ಮೆಂಟಿನಲ್ಲಿ x³ − 2 ಇತ್ತು. D = −108. ವರ್ಗ ಅಲ್ಲ, S₃ ಅಂತ ಬರೆದೆ, ಅದಕ್ಕೆ ಅಂಕ ಸಿಕ್ಕಿತು. ಮುಂದಿನ ಪ್ರಶ್ನೆಯಲ್ಲಿ ಅದೇ x³ − 2, ಆದರೆ ಈ ಸಲ ಕೆಳಗಿನ ಫೀಲ್ಡ್ ℚ(√−3). ಉತ್ತರ A₃ ಅಂತೆ. ಬಹುಪದ ಅದೇ, ಮೂಲಗಳು ಅವೇ, D ಕೂಡ ಅದೇ −108. ಉತ್ತರ ಹೇಗೆ ಬದಲಾಯಿತು?

ಶೇಷ_ಮಾಡ್ಯುಲೋ

−108 = 36 × (−3). ಹೊಸ ಫೀಲ್ಡಿನಲ್ಲಿ √−3 ಆಗಲೇ ಇದೆ. ಹಾಗಾಗಿ −108 ಅಲ್ಲಿ (6√−3) ರ ವರ್ಗ. D ಬದಲಾಗಲಿಲ್ಲ, ಅದು ಎಲ್ಲಿ ವರ್ಗವಾಗಬೇಕು ಅನ್ನೋ ಜಾಗ ಬದಲಾಯಿತು. ವಿಮಲಾ ಮೇಡಂ ನೇರಗೆರೆ ಅವರಿಗೆ ಹೇಳಿದ್ದೂ ಇದೇ ಮಾತು.

x³ − 7x + 5 ಅನ್ನೂ ℚ(√697) ಮೇಲೆ ಇಟ್ಟರೆ A₃ ಆಗಿಬಿಡುತ್ತದೆ. ಯಾವ S₃ ಘನವನ್ನಾದರೂ √D ಸೇರಿಸಿ A₃ ಮಾಡಬಹುದು. ಅಷ್ಟು ಸೇರಿಸಿದ ಮೇಲೂ ಬಹುಪದ ಒಡೆಯುವುದಿಲ್ಲ, ಯಾಕೆಂದರೆ ಡಿಗ್ರಿ 2 ರ ಫೀಲ್ಡಿನಲ್ಲಿ ಡಿಗ್ರಿ 3 ರ ಮೂಲ ಹುಟ್ಟಲಾರದು.

ನೇರಗೆರೆ

ಸರಿ, ವಾಸ್ತವ ಮೂಲದ ವಿಷಯ ಒಪ್ಪಿದೆ. ಆದರೆ ಈಗಿನ ನಿಯಮಕ್ಕಂತೂ ಎಲ್ಲೂ ಅಪವಾದ ಇಲ್ಲ ತಾನೆ? ಯಾವ ಫೀಲ್ಡ್ ಆದರೂ D ಅಲ್ಲಿ ವರ್ಗ ಆದರೆ ಗ್ರೂಪ್ A₃ ಒಳಗೆ. ಮೂಲಗಳು ಬೇರೆ ಬೇರೆ ಇದ್ದರೆ ಸಾಕು. ಇಷ್ಟನ್ನು ನಂಬಬಹುದಾ?

ಶೇಷ_ಮಾಡ್ಯುಲೋ

ಒಂದು ಕಡೆ ನಂಬಬೇಡಿ: ಕ್ಯಾರೆಕ್ಟರಿಸ್ಟಿಕ್ 2. ಇಡೀ ವಾದ ನಿಂತಿರೋದು δ ಮತ್ತು −δ ಬೇರೆ ಬೇರೆ ಅನ್ನೋ ಮಾತಿನ ಮೇಲೆ. 1 + 1 = 0 ಆಗುವ ಫೀಲ್ಡಿನಲ್ಲಿ −δ ಅಂದರೂ δ ನೇ. ಬೆಸ ಕ್ರಮಯೋಜನೆಯೂ δ ವನ್ನು ಕದಲಿಸುವುದಿಲ್ಲ. ಹಾಗಾಗಿ D ಯಾವಾಗಲೂ ವರ್ಗವೇ, ಪರೀಕ್ಷೆಯಿಂದ ಏನೂ ತಿಳಿಯುವುದಿಲ್ಲ.

ಚಿಕ್ಕ ಉದಾಹರಣೆ ಕೊಡುತ್ತೇನೆ. 0 ಮತ್ತು 1 ಮಾತ್ರ ಇರುವ ಫೀಲ್ಡಿನ ಮೇಲೆ x(x² + x + 1) ತಗೊಳ್ಳಿ. ಒಂದು ಮೂಲ 0. ಉಳಿದೆರಡು ω ಮತ್ತು ω², ಇವು ಆ ಫೀಲ್ಡಿನಲ್ಲಿ ಇಲ್ಲ. ಗ್ರೂಪ್ ಅವೆರಡನ್ನೂ ಅದಲುಬದಲು ಮಾಡುತ್ತದೆ. ಅಪ್ಪಟ ಬೆಸ ಕ್ರಮಯೋಜನೆ. D ಲೆಕ್ಕ ಹಾಕಿದರೆ 1, ಅಂದರೆ 1². ನಿಯಮದ ಪ್ರಕಾರ A₃ ಒಳಗೆ ಇರಬೇಕಿತ್ತು, ಇಲ್ಲ.

ನೇರಗೆರೆ

ಹಾಗಾದರೆ ಅಲ್ಲಿ ಏನು ಮಾಡೋದು?

ಶೇಷ_ಮಾಡ್ಯುಲೋ

ಚಿಹ್ನೆಯ ಮೇಲೆ ನಿಲ್ಲದ ಇನ್ನೊಂದು ಸಂಖ್ಯೆ ಹುಡುಕಬೇಕು. β = a²b + b²c + c²a ತಗೊಳ್ಳಿ. ಮೂಲಗಳನ್ನು ಸುತ್ತಿಸಿದರೆ β ಹಾಗೇ ಉಳಿಯುತ್ತದೆ. ಎರಡನ್ನು ಅದಲುಬದಲು ಮಾಡಿದರೆ ಅದರ ಜೊತೆಗಾರ β′ = ab² + bc² + ca² ಆಗುತ್ತದೆ. x³ + px + q ಗೆ ಈ ಎರಡೂ

y² − 3qy + p³ + 9q²

ಇದರ ಮೂಲಗಳು. ಇದರ ಶೋಧಕ ತೆಗೆದು ನೋಡಿ: 9q² − 4p³ − 36q² = −4p³ − 27q². ನಮ್ಮ D ನೇ! ಹಾಗಾಗಿ ಮಾಮೂಲಿ ಫೀಲ್ಡಿನಲ್ಲಿ ಈ ವರ್ಗ ಸಮೀಕರಣ ಒಡೆಯುವುದಕ್ಕೂ D ವರ್ಗವಾಗುವುದಕ್ಕೂ ವ್ಯತ್ಯಾಸ ಇಲ್ಲ. ಕ್ಯಾರೆಕ್ಟರಿಸ್ಟಿಕ್ 2 ರಲ್ಲಿ ಮಾತ್ರ D ಕೈಕೊಡುತ್ತದೆ, ಈ ಸಮೀಕರಣ ಕೈಕೊಡುವುದಿಲ್ಲ. ಮೂಲಗಳು ಬೇರೆ ಬೇರೆ ಇದ್ದರೆ β, β′ ಕೂಡ ಬೇರೆ ಬೇರೆ, ಯಾಕೆಂದರೆ ಅವುಗಳ ವ್ಯತ್ಯಾಸ ಚಿಹ್ನೆ ಬಿಟ್ಟರೆ δ ನೇ.

ಮೇಲಿನ ಉದಾಹರಣೆಯಲ್ಲಿ 0, ω, ω² ಹಾಕಿದರೆ β = ω²·ω² = ω. ಅದು ಕೆಳಗಿನ ಫೀಲ್ಡಿನಲ್ಲಿ ಇಲ್ಲ. ಹಾಗಾಗಿ ಗ್ರೂಪ್ A₃ ಒಳಗೆ ಇಲ್ಲ. ಸರಿಯಾದ ಉತ್ತರ.

ಸಂಧ್ಯಾ_ಕೋಡ್

ನನಗೆ ಥಿಯರಿ ಅಷ್ಟು ಗೊತ್ತಿಲ್ಲ, ಲೆಕ್ಕ ಹಾಕಿಸೋದು ಇಷ್ಟ. PARI/GP ಯಲ್ಲಿ p = −7 ಗೆ q ಬದಲಿಸುತ್ತಾ ಹೀಗೆ ಓಡಿಸಿದೆ:

```
for(q=0, 7, f = x^3 - 7*x + q; \
  D = poldisc(f); \
  print(q, " ", D, " ", issquare(D), " ", polisirreducible(f)))
```

7 ಕ್ಕಿಂತ ಮುಂದೆ ಹೋದರೆ D ಋಣ, ಹಾಗಾಗಿ ನೋಡುವ ಅಗತ್ಯ ಇಲ್ಲ. q ಋಣ ಆದರೂ D ಯಲ್ಲಿ q² ಇರೋದರಿಂದ ಹೊಸದೇನೂ ಬರಲ್ಲ. ವರ್ಗ ಬರುವುದು 6 ಮತ್ತು 7 ರಲ್ಲಿ ಮಾತ್ರ. ಒಡೆಯದೆ ವರ್ಗ ಬರುವುದು 7 ಒಂದರಲ್ಲೇ.

ಆಮೇಲೆ p ಯನ್ನೂ ಬದಲಿಸಿದೆ. x³ − Px + q ಅಂತ ಬರೆದರೆ P = 3 ಕ್ಕೆ q = 1 ಸಿಗುತ್ತದೆ. P = 4, 5, 6 ಕ್ಕೆ ಒಡೆಯದ A₃ ಒಂದೂ ಇಲ್ಲ. P = 9 ಕ್ಕೆ q = 9 ಸಿಗುತ್ತದೆ. 10 ಕ್ಕೆ ಇಲ್ಲ. 13 ಕ್ಕೆ q = 13. ಯಾವ P ಗೆ ಸಿಗುತ್ತದೆ, ಯಾವುದಕ್ಕೆ ಸಿಗಲ್ಲ ಅನ್ನೋದಕ್ಕೆ ಲೆಕ್ಕಾಚಾರ ಇದೆಯಾ?

ಇನ್ನೊಂದು ಮಾತು, x² ಪದ ಇರುವ ಬಹುಪದಕ್ಕೆ −4p³ − 27q² ಹಾಕಬೇಡಿ. x³ + x² − 2x − 1 ಗೆ ಸುಮ್ನೆ p = −2, q = −1 ಹಾಕಿದರೆ 32 − 27 = 5 ಬರುತ್ತದೆ, S₃ ಅನಿಸುತ್ತದೆ. poldisc ಕೊಡುವುದು 49.

ವಿಮಲಾ_ಬೀಜಗಣಿತ

ಸಂಧ್ಯಾ ಅವರ ಎಚ್ಚರಿಕೆ ಬಹಳ ಮುಖ್ಯ. ಅದನ್ನು ಕೈಯಲ್ಲಿ ಮಾಡುವವರು x ಜಾಗದಲ್ಲಿ (y − 1)/3 ಹಾಕಿ 27 ರಿಂದ ಗುಣಿಸಿ. y³ − 21y − 7 ಬರುತ್ತದೆ. ಅದರ D = 37044 − 1323 = 35721 = 189². ಮೂಲಗಳನ್ನು 3 ಪಟ್ಟು ಹಿಗ್ಗಿಸಿದ್ದರಿಂದ D 3⁶ ಪಟ್ಟು ಹಿಗ್ಗಿದೆ, 49 × 729 = 35721. 3⁶ ಸ್ವತಃ ವರ್ಗ, ಹಾಗಾಗಿ ಉತ್ತರ ಕೆಡುವುದಿಲ್ಲ. ಮೂಲಗಳನ್ನು ಬರೀ ಪಕ್ಕಕ್ಕೆ ಸರಿಸಿದರೆ D ಒಂದಿಷ್ಟೂ ಬದಲಾಗುವುದಿಲ್ಲ, ಯಾಕೆಂದರೆ ಅದರಲ್ಲಿ ಇರುವುದು ವ್ಯತ್ಯಾಸಗಳು ಮಾತ್ರ.

P ಪ್ರಶ್ನೆಯನ್ನು ಶೇಷ ಅವರಿಗೆ ಬಿಡುತ್ತೇನೆ.

ಶೇಷ_ಮಾಡ್ಯುಲೋ

ಸಂಧ್ಯಾ, ನಿಮ್ಮ ಪಟ್ಟಿ ಚೆನ್ನಾಗಿದೆ. ಬೇಕಾದದ್ದು 4P³ = r² + 27q².

ಮೊದಲು ಯಾವಾಗ ಸಿಗುವುದಿಲ್ಲ ಅಂತ. (r² + 27q²)/4 ಅನ್ನುವುದು ℚ(√−3) ಯಿಂದ ಬರುವ ನಾರ್ಮ್. 3 ರಿಂದ ಭಾಗಿಸಿದಾಗ 2 ಉಳಿಯುವ ಅವಿಭಾಜ್ಯಗಳು, ಅಂದರೆ 2, 5, 11, 17 ಇಂಥವು, ನಾರ್ಮ್‌ನಲ್ಲಿ ಸಮ ಘಾತದಲ್ಲೇ ಬರಬೇಕು. P ಯಲ್ಲಿ ಅಂಥದ್ದು ಬೆಸ ಘಾತದಲ್ಲಿದ್ದರೆ P³ ರಲ್ಲೂ ಬೆಸ. ಹಾಗಾಗಿ 5, 6, 10 ಕ್ಕೆ ಏನೂ ಸಿಗಲಿಲ್ಲ. 4 ರಲ್ಲಿ ಈ ಅಡ್ಡಿ ಇಲ್ಲ, ಆದರೆ ಅಲ್ಲಿ ಸಿಗುವುದು q = 0 ಮಾತ್ರ. ಅದು x³ − 4x, ಒಡೆದುಹೋಗುತ್ತದೆ.

ಇನ್ನು ಯಾವಾಗ ಸಿಗುತ್ತದೆ ಅಂತ. P ಅವಿಭಾಜ್ಯ, 3 ರಿಂದ ಭಾಗಿಸಿದಾಗ 1 ಉಳಿಯುತ್ತದೆ ಅಂದುಕೊಳ್ಳಿ. ಆಗ 4P = L² + 27M² ಅಂತ ಯಾವಾಗಲೂ ಬರೆಯಬಹುದು. ಇದು ಗೌಸ್ 1801 ರ ಪುಸ್ತಕದಲ್ಲಿ ಕೊಟ್ಟ ಫಲಿತಾಂಶ. q = PM ಇಡಿ:

D = 4P³ − 27P²M² = P²(4P − 27M²) = (PL)²

M ಯು P ಗಿಂತ ತೀರಾ ಚಿಕ್ಕದು, ಹಾಗಾಗಿ ಐಸೆನ್‌ಸ್ಟೈನ್ P ಯಲ್ಲಿ ಹಿಡಿಸುತ್ತದೆ, ಬಹುಪದ ಒಡೆಯುವುದಿಲ್ಲ. 7 ಕ್ಕೆ 28 = 1 + 27, M = 1. 13 ಕ್ಕೆ 52 = 25 + 27, ಮತ್ತೆ M = 1. 31 ಕ್ಕೆ 124 = 16 + 108, M = 2, ಬಹುಪದ x³ − 31x + 62.

ಸಂಧ್ಯಾ_ಕೋಡ್

ಅದ್ಭುತ! P ಅವಿಭಾಜ್ಯ ಅಲ್ಲದಿದ್ದರೂ ಅದೇ ಉಪಾಯ ನಡೆಯುತ್ತದೆ ಅನಿಸುತ್ತದೆ. 91 = 7 × 13 ಗೆ ಎರಡು ಬಂತು. 364 = 256 + 108, ಹಾಗೇ 364 = 121 + 243. ಅಂದರೆ x³ − 91x + 182 ಮತ್ತು x³ − 91x + 273. ಎರಡೂ A₃. ಇವು ಒಂದೇ ಫೀಲ್ಡನ್ನು ಕೊಡುತ್ತವಾ, ಬೇರೆ ಬೇರೆಯಾ? ಶೋಧಕ ನೋಡಿ ಹೇಳೋಕೆ ಆಗುತ್ತಾ?

ಶೇಷ_ಮಾಡ್ಯುಲೋ

ಶೋಧಕ ಇಲ್ಲಿ ಸಾಕಾಗುವುದಿಲ್ಲ. ಅದು ಗ್ರೂಪ್ ಹೇಳುತ್ತದೆ, ಫೀಲ್ಡ್ ಯಾವುದು ಅಂತ ಹೇಳುವುದಿಲ್ಲ. ಆದರೆ ಒಂದು ಅವಿಭಾಜ್ಯದ ಮೇಲೆ ಎರಡನ್ನೂ ಇಟ್ಟು ನೋಡಬಹುದು. ಮಾಡ್ಯುಲೋ 17 ರಲ್ಲಿ ಮೊದಲನೆಯದು x³ − 6x + 12. ಅದಕ್ಕೆ 8, 10, 16 ಮೂರೂ ಮೂಲಗಳು. ಎರಡನೆಯದು x³ − 6x + 1. ಅದಕ್ಕೆ 0 ಯಿಂದ 16 ರವರೆಗೆ ಎಲ್ಲ ಹಾಕಿ ನೋಡಿದೆ, ಒಂದೂ ಮೂಲ ಇಲ್ಲ. ಎರಡರ ಶೋಧಕವನ್ನೂ 17 ಭಾಗಿಸುವುದಿಲ್ಲ. ಒಂದೇ ಫೀಲ್ಡ್ ಆಗಿದ್ದರೆ 17 ಎರಡರಲ್ಲೂ ಒಂದೇ ರೀತಿ ಒಡೆಯಬೇಕಿತ್ತು. ಹಾಗಾಗಿ ಬೇರೆ ಬೇರೆ ಫೀಲ್ಡ್.

ರಘು_ಎಂಎಸ್ಸಿ

ನಾನೂ ಒಂದು ಹಿಡಿದೆ. P = 63. 252 = 225 + 27, 252 = 144 + 108, 252 = 9 + 243. ಮೂರು ದಾರಿ! x³ − 63x + 63, x³ − 63x + 126, x³ − 63x + 189. ಮೂರಕ್ಕೂ ಐಸೆನ್‌ಸ್ಟೈನ್ 7 ರಲ್ಲಿ ಹಿಡಿಸುತ್ತದೆ, ಹಾಗಾಗಿ ಮೂರೂ A₃. ಇಲ್ಲಿ 9 ಸೇರಿಕೊಂಡಿರೋದರಿಂದ ಮೂರೂ ಬೇರೆ ಫೀಲ್ಡಾ, ಇಲ್ಲ ಯಾವುದಾದರೂ ಒಂದು x³ − 7x + 7 ರ ಫೀಲ್ಡೇ ವೇಷ ಬದಲಿಸಿ ಬಂದಿದೆಯಾ? ಮಾಡ್ಯುಲೋ 13 ರಿಂದ ಶುರು ಮಾಡಿ ನೋಡುತ್ತಿದ್ದೇನೆ. ಯಾರಿಗಾದರೂ ಮೊದಲೇ ಗೊತ್ತಾದರೆ ಬರೆಯಿರಿ.